ಅಪ್ಪನಿಗೆ ಲಕ್ವಾ ಹೊಡೆದಿದೆ, ಸೋಮವಾರ ಪಿಪಿಎಪಿ ಕೊಡಬೇಕು. ಮ್ಯಾನೇಜರ್‌ಗೆ ಮೇಲ್ ಹೇಗೆ ಬರೆಯಲಿ?

ಮುಧೋಳ ಹುಡುಗ (ಗುರುವಾರ, ಮಧ್ಯಾಹ್ನ 1:40)

ಬಸ್ಸಿನಲ್ಲಿ ಕೂತು ಬರೀತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಈಗ ಯರಗಟ್ಟಿ ಹತ್ತಿರ ಇದ್ದೇನೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ಎಂಜಿನಿಯರ್ ನಾನು. ಮೂರು ವರ್ಷ ಆಯ್ತು. ಇವತ್ತು 11:20ಕ್ಕೆ ತಂಗಿ ಫೋನ್ ಮಾಡಿದಳು. ಅಪ್ಪ ಹೊಲದಿಂದ ಬಂದು ಚಹಾ ಕುಡಿಯುವಾಗ ಬಸಿ ಕೈಯಿಂದ ಜಾರಿ ಬಿದ್ದಿದೆ. ಬಾಯಿ ಒಂದು ಕಡೆ ವಾಲಿದೆ, ಮಾತು ತೊದಲುತ್ತಿದೆ. ಲಕ್ವಾ ಅಂದಿದ್ದಾರೆ. ಬಾಗಲಕೋಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಐಸಿಯುನಲ್ಲಿ ಹಾಕಿದ್ದಾರೆ.

ನಮ್ಮ ಮ್ಯಾನೇಜರ್ ಆಡಿಟರ್ ಜೊತೆ ಒಳಗೆ ಕೂತಿದ್ದರು. ಬಾಗಿಲು ತಟ್ಟುವ ಧೈರ್ಯ ಆಗಲಿಲ್ಲ. ಶಿಫ್ಟ್ ಸೂಪರ್‌ವೈಸರ್‌ಗೆ ಬಾಯಿಮಾತಲ್ಲಿ ಹೇಳಿ ಓಡಿ ಬಂದೆ. ಔಟ್ ಪಂಚ್ ಕೂಡ ಮಾಡಿಲ್ಲ, ಅದು ನೆನಪಾಗಿದ್ದೇ ಬಸ್ ಹತ್ತಿದ ಮೇಲೆ. ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ "ಸರ್, ಫ್ಯಾಮಿಲಿ ಎಮರ್ಜೆನ್ಸಿ, ಊರಿಗೆ ಹೋಗ್ತಿದ್ದೇನೆ" ಅಂತ ಹಾಕಿದೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.

ತಲೆನೋವು ಏನಂದ್ರೆ, ಸೋಮವಾರ ಪುಣೆಯ ಗಿರಾಕಿಗೆ ಒಂದು ವಾಲ್ವ್ ಬಾಡಿಯ ಪಿಪಿಎಪಿ ಫೈಲ್, ಅಂದ್ರೆ ಗಿರಾಕಿ ಆ ಭಾಗವನ್ನು ಒಪ್ಪಿಕೊಳ್ಳಲು ನಾವು ಕೊಡುವ ದಾಖಲೆಗಳ ಕಟ್ಟು, ಕೊಡಬೇಕು. ಅದು ಪೂರ್ತಿ ನನ್ನ ಕೈಯಲ್ಲೇ ಇರುವ ಕೆಲಸ. ರಜೆಯೂ ಬೇಕು, ಟೈಮೂ ಬೇಕು. ಮೇಲ್ ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಮ್ಯಾನೇಜರ್ ಕೊಲ್ಹಾಪುರದವರು. ಕನ್ನಡ ಮಾತಾಡ್ತಾರೆ, ಓದಲು ಬರಲ್ಲ. ಹಾಗಾಗಿ ಮೇಲ್ ಇಂಗ್ಲಿಷ್‌ನಲ್ಲಿದೆ, ಇಲ್ಲಿ ಕನ್ನಡದಲ್ಲಿ ಹಾಕ್ತಿದ್ದೇನೆ:

> ವಿಷಯ: ರಜೆ ಕೋರಿ
>
> ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ತಂದೆಯವರಿಗೆ ಆರಾಮ ಇಲ್ಲದ ಕಾರಣ ನಾನು ತುರ್ತಾಗಿ ಊರಿಗೆ ಹೋಗಬೇಕಾಗಿದೆ. ದಯವಿಟ್ಟು ಕೆಲವು ದಿನ ರಜೆ ಮಂಜೂರು ಮಾಡಿ, ಪಿಪಿಎಪಿ ಕೆಲಸಕ್ಕೂ ಸ್ವಲ್ಪ ಸಮಯ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅನಾನುಕೂಲಕ್ಕೆ ಕ್ಷಮೆ ಇರಲಿ.

ಇಷ್ಟು ಸಾಕಾ? ಅಥವಾ ಆಗಿದ್ದನ್ನೆಲ್ಲ ಬರೀಬೇಕಾ?

ಕರದಂಟು (1:48)

ಮೊದಲು ಅಪ್ಪನ್ನ ನೋಡ್ಕೋ ತಮ್ಮಾ. ಮೇಲ್ ಗೀಲ್ ಎಲ್ಲ ಆಮೇಲೆ. ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ.

ಬಾಗಲಕೋಟೆ ಮೇಷ್ಟ್ರು (1:55)

ಇಷ್ಟಕ್ಕೆಲ್ಲ ಯಾಕೆ ಹೆದರ್ತೀರಿ? ಸಿಎಲ್ ನಮ್ಮ ಹಕ್ಕು. ಮುಖ್ಯೋಪಾಧ್ಯಾಯರಿಗೆ ಒಂದು ಚೀಟಿ ಬರೆದು ಕೊಟ್ಟರೆ ಮುಗೀತು. ಜೊತೆಗೆ ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿದೆ ಅಂತ ಒಂದು ಸಾಲು ಸೇರಿಸಿ, ಅದನ್ನು ಬಹಳ ಜನ ಮರೀತಾರೆ. ಆಮೇಲೆ ಹೆಚ್ಚು ದಿನ ಬೇಕಾದರೆ ಗಳಿಕೆ ರಜೆ ಕೇಳಬಹುದು.

ಶಹಾಪುರ ಅಕ್ಕ (2:04)

ಮೇಷ್ಟ್ರೇ, ಹುಡುಗ ಖಾಸಗಿ ಕಾರ್ಖಾನೆಯವನು, ನಿಮ್ಮ ನಿಯಮ ಅಲ್ಲಿ ನಡೆಯಲ್ಲ. ಅಷ್ಟೇ ಅಲ್ಲ, ಸರ್ಕಾರಿ ನೌಕರಿಯಲ್ಲೂ ರಜೆಯನ್ನು ಹಕ್ಕು ಅಂತ ಕೇಳುವ ಹಾಗಿಲ್ಲ. ಮಂಜೂರು ಮಾಡುವವರು ಇಲ್ಲ ಅನ್ನಬಹುದು.

ತಮ್ಮಾ, ನಾನು ಇದೇ ಊರಿನ ಕಾರ್ಖಾನೆಗಳಲ್ಲಿ 18 ವರ್ಷ ಕ್ವಾಲಿಟಿ ನೋಡಿದವಳು. ಕೊನೆಯ ಆರು ವರ್ಷ ಇಂಥ ಮೇಲ್ ಓದಿ ರಜೆ ಕೊಡುವ ಕುರ್ಚಿಯಲ್ಲಿ ಕೂತಿದ್ದೆ. ನಿನ್ನ ಮೇಲ್ ಕಳಿಸಬೇಡ. ಅದರಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಓದಿದ ಮೇಲೂ ನಿಮ್ಮ ಮ್ಯಾನೇಜರ್‌ಗೆ ಏನು ಮಾಡಬೇಕು ಅಂತ ಗೊತ್ತಾಗಲ್ಲ.

"ಆರಾಮ ಇಲ್ಲ" ಅಂತ ಬರೆದಿದ್ದೀ. ನಮ್ಮ ಕಡೆ ನೆಗಡಿ ಆದರೂ ಆರಾಮ ಇಲ್ಲ, ಐಸಿಯುನಲ್ಲಿದ್ದರೂ ಆರಾಮ ಇಲ್ಲ. ಕೇಳುವವರು ದನಿಯಲ್ಲೇ ತಿಳ್ಕೋತಾರೆ, ಮೇಲ್‌ನಲ್ಲಿ ದನಿ ಇರಲ್ಲ. ಇಂಗ್ಲಿಷ್‌ನಲ್ಲೂ ನೀನು "ನಾಟ್ ವೆಲ್" ಅಂತಲೇ ಹಾಕಿರ್ತೀ. ಅದರ ಬದಲು ಒಂದೇ ಸಾಲು: ತಂದೆಗೆ ಲಕ್ವಾ, ಬಾಗಲಕೋಟೆಯಲ್ಲಿ ಐಸಿಯುನಲ್ಲಿದ್ದಾರೆ. ಸಾಕು. ಬಸಿ ಬಿದ್ದಿದ್ದು, ಬಾಯಿ ವಾಲಿದ್ದು ನಮಗೆ ಹೇಳು, ಅವರಿಗೆ ಬೇಡ.

ಇನ್ನೊಂದು ದೊಡ್ಡದು. ನೀನು ಎರಡು ಬೇರೆ ಬೇರೆ ವಿಷಯ ಒಂದೇ ವಾಕ್ಯದಲ್ಲಿ ಕೇಳಿದ್ದೀ. ರಜೆ ಕೊಡೋದು ನಿಮ್ಮ ಮ್ಯಾನೇಜರ್ ಕೈಯಲ್ಲಿದೆ. ಪಿಪಿಎಪಿ ತಾರೀಖು ಅವರ ಕೈಯಲ್ಲಿಲ್ಲ, ಅದು ಪುಣೆಯವರದು. ಮ್ಯಾನೇಜರ್ ಅವರ ಹತ್ತಿರ ಹೋಗಿ ಕೇಳಬೇಕು. ನಿನ್ನ ಮೇಲ್ ಹಿಡ್ಕೊಂಡು ಅವರು ಇವತ್ತು ಸಂಜೆ ಪುಣೆಗೆ ಫೋನ್ ಮಾಡಿದರೆ ಏನಂತಾರೆ? "ನಮ್ಮ ಹುಡುಗನ ತಂದೆಗೆ ಹುಷಾರಿಲ್ಲ, ಸ್ವಲ್ಪ ಸಮಯ ಕೊಡಿ." ಆ ಕಡೆಯವರ ಮೊದಲ ಪ್ರಶ್ನೆ: ಎಷ್ಟು ಮುಗಿದಿದೆ, ಏನು ಬಾಕಿ, ಯಾವತ್ತು ಕೊಡ್ತೀರಿ? ಮೂರಕ್ಕೂ ನಿನ್ನ ಮೇಲ್‌ನಲ್ಲಿ ಉತ್ತರ ಇಲ್ಲ.

ಹಾಗಾಗಿ ಎರಡು ಮೇಲ್ ಬರೀ. ಒಂದು ರಜೆಗೆ, ಮ್ಯಾನೇಜರ್‌ಗೆ, ಎಚ್‌ಆರ್‌ಗೆ ಸಿಸಿ. ಇನ್ನೊಂದು ಕೆಲಸಕ್ಕೆ, ಮ್ಯಾನೇಜರ್‌ಗೆ ಮಾತ್ರ. ಎರಡನೆಯದರಲ್ಲಿ ಅಪ್ಪನ ವಿಷಯ ಒಂದಕ್ಷರವೂ ಬೇಡ. ಯಾಕಂದ್ರೆ ಅದನ್ನು ಅವರು ಹಾಗೇ ಪುಣೆಗೆ ಫಾರ್ವರ್ಡ್ ಮಾಡ್ತಾರೆ. ನಿನ್ನ ಮನೆ ಕಷ್ಟ ಗಿರಾಕಿಯ ಇನ್‌ಬಾಕ್ಸ್‌ನಲ್ಲಿ ಯಾಕೆ?

ಈಗ ಹೇಳು, ಫೈಲ್ ಎಲ್ಲಿಗೆ ಬಂದಿದೆ?

ಮುಧೋಳ ಹುಡುಗ (2:15)

ಅಕ್ಕಾ, 18 ದಾಖಲೆಗಳಲ್ಲಿ 15 ಮುಗಿದಿವೆ. ಬಾಕಿ ಇರೋದು ಅಳತೆ ನಂಬಬಹುದಾ ಅಂತ ನೋಡುವ ಗೇಜ್ ಸ್ಟಡಿ, ಪೀಸ್‌ಗಳು ಸತತವಾಗಿ ಅಳತೆಯೊಳಗೇ ಬರ್ತಾವಾ ಅಂತ ನೋಡುವ ಪ್ರೋಸೆಸ್ ಕೆಪಬಿಲಿಟಿ, ಕೊನೆಗೆ ಎಲ್ಲ ಸರಿ ಇದೆ ಅಂತ ಸಹಿ ಹಾಕಿ ಕೊಡುವ ವಾರಂಟ್. ವಾರಂಟ್‌ಗೆ ಮ್ಯಾನೇಜರ್ ಸಹಿ ಬೇಕು, ಆ ಎರಡು ಆಗದೆ ಸಹಿ ಹಾಕಲ್ಲ.

ಗೇಜ್ ಸ್ಟಡಿ ಬೋರ್ ಗೇಜ್‌ದು. ಮೂರು ಜನ ಆಪರೇಟರ್, 10 ಪೀಸ್, ಒಬ್ಬೊಬ್ಬರು ಮೂರು ಸಲ ಅಳೀಬೇಕು, ಒಟ್ಟು 90 ರೀಡಿಂಗ್. ಒಬ್ಬರದು 30 ಮುಗಿದಿದೆ. ಕೆಪಬಿಲಿಟಿಗೆ ಶನಿವಾರ ಓಡುವ ಹೊಸ ಸೆಟಪ್‌ನ ಪೀಸ್ ಬೇಕು.

ಇನ್ನೊಂದು ಎಡವಟ್ಟು. ಫೈಲೆಲ್ಲ ನನ್ನ ಡೆಸ್ಕ್‌ಟಾಪ್‌ನ ಡಿ ಡ್ರೈವ್‌ನಲ್ಲಿದೆ. ಸರ್ವರ್‌ಗೆ ಹಾಕಿಲ್ಲ. ಸಿಸ್ಟಮ್ ಲಾಕ್ ಮಾಡಿ ಬಂದಿದ್ದೇನೆ. ಪಾಸ್‌ವರ್ಡ್ ಮೇಲ್‌ನಲ್ಲಿ ಹಾಕಿಬಿಡಲಾ?

ಟಿಳಕವಾಡಿ ಟೆಕ್ಕಿ (2:21)

ಪಾಸ್‌ವರ್ಡ್ ಮೇಲ್‌ನಲ್ಲಿ ಹಾಕ್ಬೇಡಿ ಮಾರಾಯ್ರೆ. ಐಟಿಯವರಿಗೆ ಫೋನ್ ಮಾಡಿ, ಅವರ ಅಡ್ಮಿನ್ ಲಾಗಿನ್‌ನಿಂದ ಫೋಲ್ಡರ್ ಕಾಪಿ ಮಾಡಿ ಸರ್ವರ್‌ಗೆ ಹಾಕ್ತಾರೆ. ಹತ್ತು ನಿಮಿಷದ ಕೆಲಸ. ಫೋಲ್ಡರ್ ಹೆಸರು ಸರಿಯಾಗಿ ಹೇಳಿ, "ಫೈನಲ್ 2 ಹೊಸದು" ಅಂತ ನಾಲ್ಕು ಇದ್ದರೆ ಯಾವುದು ಅಂತ ಹೇಳಿ.

ಎರಡು ಮೇಲ್ ಅನ್ನೋದು ನನಗೆ ಸರಿ ಕಾಣಲಿಲ್ಲ. ಬಸ್ಸಿನಲ್ಲಿರುವ ಮನುಷ್ಯ, ಅಪ್ಪ ಐಸಿಯು, ಮೊಬೈಲ್‌ನಲ್ಲಿ ಎರಡೆರಡು ಮೇಲ್ ಟೈಪ್ ಮಾಡ್ತಾ ಕೂರ್ಬೇಕಾ? ಒಂದರಲ್ಲೇ ಎರಡು ಪ್ಯಾರಾ ಹಾಕಿದ್ರೆ ಆಯ್ತು. ಫಾರ್ವರ್ಡ್ ಮಾಡುವಾಗ ಮ್ಯಾನೇಜರೇ ಮೇಲಿನದು ಅಳಿಸ್ತಾರೆ.

ಅಂದಹಾಗೆ, ಇಎಸ್‌ಐ ಇದ್ದರೆ ಅದಕ್ಕೆ ಹಾಕಿ. ತಂದೆ ಆಸ್ಪತ್ರೆಯಲ್ಲಿದ್ದ ದಿನಗಳಿಗೆ ನಿಮಗೆ ಸಂಬಳದ 70 ಪರ್ಸೆಂಟ್ ಸಿಗುತ್ತೆ.

ಶಹಾಪುರ ಅಕ್ಕ (2:33)

70 ಪರ್ಸೆಂಟ್ ಸಿಗೋದು ನೌಕರನಿಗೇ ಹುಷಾರು ತಪ್ಪಿದಾಗ. ಅಪ್ಪ ಮಲಗಿದ್ದರೆ ಮಗನಿಗೆ ಆ ದುಡ್ಡು ಬರಲ್ಲ. ತಂದೆ ಇವನ ಆದಾಯದ ಮೇಲೇ ಇದ್ದು, ಕಾರ್ಡ್‌ನಲ್ಲಿ ಅವರ ಹೆಸರಿದ್ದರೆ ಚಿಕಿತ್ಸೆ ಸಿಗಬಹುದು, ಅದು ಬೇರೆ ಮಾತು. ಸಂಬಳ 21,000 ದಾಟಿದ್ದರೆ ಇಎಸ್‌ಐ ಇರೋದೇ ಅನುಮಾನ. ಈ ಮೇಲ್‌ನಲ್ಲಿ ಅದರ ಸುದ್ದಿ ಬೇಡ.

ಮೇಲಿನ ಪ್ಯಾರಾ ಅಳಿಸಿ ಫಾರ್ವರ್ಡ್ ಮಾಡುವ ಮ್ಯಾನೇಜರ್‌ನ ನಾನು ಕಂಡಿಲ್ಲ. ಆಡಿಟ್ ದಿನ ಅಂತೂ ಸಾಧ್ಯವೇ ಇಲ್ಲ. ಆದರೆ ಬಸ್ಸಿನಲ್ಲಿ ಕಷ್ಟ ಅನ್ನೋದು ನಿಜ. ರಜೆ ಮೇಲ್ ಈಗಲೇ ಕಳಿಸು, ಐದು ಸಾಲು. ಕೆಲಸದ ಮೇಲ್ ಆಸ್ಪತ್ರೆ ಮುಟ್ಟಿ, ಅಪ್ಪನ್ನ ನೋಡಿ, ಸಂಜೆ ಐದರೊಳಗೆ ಕಳಿಸು. ಮ್ಯಾನೇಜರ್ ಆಫೀಸ್ ಬಿಡುವ ಮೊದಲು ಸಿಗಬೇಕು.

ಗೇಜ್ ಸ್ಟಡಿ ಬಗ್ಗೆ ಒಂದು ಮಾತು. ಇಂಥ ಹೊತ್ತಲ್ಲಿ ಯಾರಾದರೂ ಒಳ್ಳೆ ಮನಸ್ಸಿನಿಂದಲೇ "ನೀ ಹೋಗೋ, ಉಳಿದ ಅರವತ್ತು ನಾನು ತುಂಬಿಸ್ತೀನಿ" ಅಂತಾರೆ. ಅಳೆದು ತುಂಬಿಸ್ತಾರೋ, ಕೂತಲ್ಲೇ ತುಂಬಿಸ್ತಾರೋ ನಿನಗೆ ಗೊತ್ತಾಗಲ್ಲ. ಕೂತು ತುಂಬಿಸಿದ ನಂಬರ್ ಸಿಕ್ಕಿಬೀಳುತ್ತೆ. ಮೂರು ಸಲ ಅಳೆದಾಗ ಮನುಷ್ಯನ ಕೈ ಒಂದೆರಡು ಮೈಕ್ರಾನ್ ಹೆಚ್ಚು ಕಡಿಮೆ ಆಗೇ ಆಗುತ್ತೆ. ತುಂಬಿಸಿದ್ದರಲ್ಲಿ ಮೂರೂ ಒಂದೇ ಇರುತ್ತೆ. ಪುಣೆಯವರು ನೋಡಿದ ತಕ್ಷಣ ಹಿಡೀತಾರೆ. ಅದಕ್ಕೇ ಎಲ್ಲಿಗೆ ನಿಂತಿದೆ ಅಂತ ಮೇಲ್‌ನಲ್ಲೇ ಬರೆದುಬಿಡು: ಒಬ್ಬರದು ಆಗಿದೆ, ಇಬ್ಬರದು ಬಾಕಿ. ಆಮೇಲೆ ಯಾರೂ "ಎಲ್ಲ ಆಗಿತ್ತು" ಅನ್ನೋ ಹಾಗಿಲ್ಲ.

ಸಾರವಾಡ ಸ್ಕಾಲರ್ (2:50)

ನನ್ನದೂ ಒಂದು ಕಥೆ. ವಿಜಯಪುರದಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಗೈಡ್‌ಗೆ ಮೇಲ್ ಮಾಡಿ ಮೂರನೇ ಅಧ್ಯಾಯಕ್ಕೆ ಸಮಯ ಕೇಳಿದೆ. ಅವರು ಏನಂದ್ರು ಗೊತ್ತಾ? "ಈ ಸಲ ಯಾವ ಅಜ್ಜಿ?" ಅಂತ. ಅತ್ತುಬಿಟ್ಟೆ. ಮೊದಲು ತಾಯಿಯ ತಾಯಿ, ಈ ಸಲ ತಂದೆಯ ತಾಯಿ. ಇಬ್ಬರು ಅಜ್ಜಿ ಇರೋದು ನನ್ನ ತಪ್ಪಾ?

ಆಮೇಲೆ ಹಳೆಯ ಮೇಲ್ ತೆಗೆದು ನೋಡಿದೆ. ಎರಡೂ ಸಲ "ಸ್ವಲ್ಪ ಸಮಯ ಬೇಕು" ಅಂತ ಬರೆದಿದ್ದೆ. ಮೊದಲ ಸಲ ಆ ಸ್ವಲ್ಪ ಎರಡು ತಿಂಗಳಾಗಿತ್ತು. ಅವರಿಗೆ ಕೋಪ ಬಂದಿದ್ದು ಅಜ್ಜಿ ಮೇಲಲ್ಲ, ಆ ಸ್ವಲ್ಪದ ಮೇಲೆ. ಈಗ ತಾರೀಖು ಹಾಕಿಯೇ ಕೇಳ್ತೇನೆ. ಜೊತೆಗೆ ಆದಷ್ಟನ್ನು, ಅರ್ಧ ಅಧ್ಯಾಯ ಆದ್ರೂ, ಅಟ್ಯಾಚ್ ಮಾಡ್ತೇನೆ.

ಅಣ್ಣಾ, ಆಸ್ಪತ್ರೆ ಚೀಟಿ ಫೋಟೋ ಹಾಕಿಬಿಡಿ. ನಂಬಲ್ಲ ಈ ಜನ.

ಕರದಂಟು (2:58)

ಚೀಟಿ ಗೀಟಿ ಕೇಳೋ ಕಂಪನೀಲಿ ಇರೋದೇ ತಪ್ಪು.

ಶಹಾಪುರ ಅಕ್ಕ (3:10)

ಮೊದಲ ಮೇಲ್‌ನಲ್ಲಿ ಚೀಟಿ ಬೇಡ ಅಂತ ನನ್ನ ಮತ. ಕೇಳದೆ ಕೊಟ್ಟರೆ ಈ ಹುಡುಗ ಯಾಕೆ ಸಾಕ್ಷಿ ಹೇಳ್ತಿದ್ದಾನೆ ಅನಿಸುತ್ತೆ. ಅಡ್ಮಿಷನ್ ಚೀಟಿಯ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೋ. ಎಚ್‌ಆರ್ ಕೇಳಿದರೆ ಕಳಿಸು. ಸ್ಕ್ಯಾನ್ ರಿಪೋರ್ಟ್ ಕೇಳಿದರೂ ಕೊಡಬೇಡ, ಚೀಟಿ ಸಾಕು.

ಎಷ್ಟು ದಿನ ಬೇಕು ಅಂತ ನಿನಗೆ ಗೊತ್ತಿಲ್ಲ, ಡಾಕ್ಟರಿಗೂ ಈಗ ಗೊತ್ತಿರಲ್ಲ. ಹಾಗಂತ "ಕೆಲವು ದಿನ" ಬರೀಬೇಡ. ಇಂದು ಅರ್ಧ, ಶುಕ್ರ, ಶನಿ ಅಂತ ಕೇಳು. ಸೋಮವಾರದ್ದು ಶನಿವಾರ ಸಂಜೆ ಹೇಳ್ತೀನಿ ಅಂತ ಬರೀ. ಮ್ಯಾನೇಜರ್‌ಗೆ ಬೇಕಾಗಿರೋದು ನೀನು ಯಾವಾಗ ಬರ್ತೀ ಅನ್ನೋದಕ್ಕಿಂತ, ಯಾವಾಗ ಗೊತ್ತಾಗುತ್ತೆ ಅನ್ನೋದು. ಔಟ್ ಪಂಚ್ ಇಲ್ಲದ್ದನ್ನೂ ನೀನೇ ಹೇಳಿಬಿಡು. ತಿಂಗಳ ಕೊನೆಗೆ ಅವರಾಗಿ ಕಂಡುಹಿಡಿದರೆ ಇಡೀ ದಿನ ಗೈರು ಅಂತ ಹಾಕ್ತಾರೆ.

ಮುಧೋಳ ಹುಡುಗ (ಗುರುವಾರ, ಸಂಜೆ 5:20)

ಅಪ್ಪನನ್ನು ನೋಡಿದೆ. ಗುರುತು ಹಿಡಿದರು, ಬಲಗೈ ಎತ್ತಲು ಆಗ್ತಿಲ್ಲ. ಸ್ಕ್ಯಾನ್ ಆಗಿದೆ. ಮೂರು ದಿನ ನೋಡಬೇಕು ಅಂದಿದ್ದಾರೆ.

ಎರಡೂ ಮೇಲ್ ಹೋಯ್ತು. ಮೊದಲನೆಯದು ಬಸ್ಸಿನಿಂದಲೇ ಕಳಿಸಿದೆ:

> ವಿಷಯ: ತಂದೆ ಐಸಿಯುನಲ್ಲಿ: ಇಂದು ಮಧ್ಯಾಹ್ನದಿಂದ ಶನಿವಾರದವರೆಗೆ ರಜೆ
>
> ಸರ್, ನಮ್ಮ ತಂದೆಗೆ ಇಂದು ಬೆಳಿಗ್ಗೆ ಲಕ್ವಾ ಹೊಡೆದು ಬಾಗಲಕೋಟೆಯಲ್ಲಿ ಐಸಿಯುನಲ್ಲಿದ್ದಾರೆ. ಆಸ್ಪತ್ರೆಯಲ್ಲಿ ಸಹಿ ಮಾಡಲು, ಓಡಾಡಲು ಮನೆಯಿಂದ ನಾನೊಬ್ಬನೇ. ನೀವು ಆಡಿಟ್‌ನಲ್ಲಿದ್ದ ಕಾರಣ ಶಿಫ್ಟ್ ಸೂಪರ್‌ವೈಸರ್‌ಗೆ ಹೇಳಿ 11:50ಕ್ಕೆ ಹೊರಟೆ. ಔಟ್ ಪಂಚ್ ಮಾಡಲು ಮರೆತಿದ್ದೇನೆ, ಗೇಟ್ ರಿಜಿಸ್ಟರ್‌ನಲ್ಲಿ ಸಮಯ ಬರೆದಿದೆ.
>
> ಇಂದು ಅರ್ಧ ದಿನ, ಶುಕ್ರವಾರ ಮತ್ತು ಶನಿವಾರ ಪೂರ್ತಿ ರಜೆ ಬೇಕು. ನನ್ನ ಎರಡು ಸಿಎಲ್ ಉಳಿದಿವೆ, ಇನ್ನರ್ಧ ದಿನ ಪಿಎಲ್‌ನಲ್ಲಿ ಹಿಡಿಯಿರಿ. ಸೋಮವಾರದ ವಿಷಯ ಶನಿವಾರ ಸಂಜೆ 5ರೊಳಗೆ ಫೋನ್ ಮಾಡಿ ತಿಳಿಸುತ್ತೇನೆ. ಪಿಪಿಎಪಿ ಬಗ್ಗೆ ಬೇರೆ ಮೇಲ್ ಕಳಿಸುತ್ತೇನೆ.

ಇದು ಎರಡನೆಯದು, ಆಸ್ಪತ್ರೆಯ ವರಾಂಡದಿಂದ:

> ವಿಷಯ: ವಾಲ್ವ್ ಬಾಡಿ ಪಿಪಿಎಪಿ: 18ರಲ್ಲಿ 15 ಸಿದ್ಧ, ಉಳಿದಿದ್ದು ಮುಂದಿನ ಗುರುವಾರ
>
> ಸರ್, 15 ದಾಖಲೆಗಳು ಸರ್ವರ್‌ನ ಪಿಪಿಎಪಿ ಫೋಲ್ಡರ್‌ನಲ್ಲಿವೆ. ಬೋರ್ ಗೇಜ್ ಸ್ಟಡಿಯಲ್ಲಿ ಮೂರು ಆಪರೇಟರ್‌ಗಳ ಪೈಕಿ ಒಬ್ಬರದು ಮುಗಿದಿದೆ, ಇಬ್ಬರದು ಬಾಕಿ. ನಂಬರ್ ಹಾಕಿದ 10 ಪೀಸ್ ಲ್ಯಾಬ್‌ನ ನೀಲಿ ಟ್ರೇಯಲ್ಲಿವೆ. ಲ್ಯಾಬ್‌ನವರ ಜೊತೆ ಮಾತಾಡಿದ್ದೇನೆ, ನಾಳೆ ಮುಗಿಸುತ್ತಾರೆ. ಕೆಪಬಿಲಿಟಿಗೆ ಶನಿವಾರದ ಸೆಟಪ್‌ನ ಪೀಸ್ ಬೇಕು, ರೀಡಿಂಗ್ ಸಿಕ್ಕ ಮೇಲೆ ಲೆಕ್ಕ ಅರ್ಧ ದಿನದ ಕೆಲಸ. ವಾರಂಟ್ ಅದಾದ ಮೇಲೆ.
>
> ಸೋಮವಾರ 15 ದಾಖಲೆ ಕಳಿಸಿ, ಉಳಿದ ಮೂರಕ್ಕೆ ಗುರುವಾರದವರೆಗೆ ಸಮಯ ಕೇಳಬಹುದೇ?

ಫೋಲ್ಡರ್ ಐಟಿಯವರು ಹಾಕಿಕೊಟ್ಟರು. ಟೆಕ್ಕಿ ಹೇಳಿದ ಹಾಗೇ ಆಯ್ತು, "ಫೈನಲ್" ಅಂತ ಮೂರು ಫೋಲ್ಡರ್ ಇತ್ತು.

ಶಹಾಪುರ ಅಕ್ಕ (5:41)

ಚೆನ್ನಾಗಿದೆ. ಒಂದೇ ಕೊರತೆ. ಕೆಪಬಿಲಿಟಿ ಲೆಕ್ಕ ಯಾರು ಮಾಡ್ತಾರೆ ಅಂತ ಬರೆದಿಲ್ಲ. ನೀನು ಬರದಿದ್ದರೆ? ಅದನ್ನು ಮ್ಯಾನೇಜರ್ ಕೇಳೇ ಕೇಳ್ತಾರೆ, ಉತ್ತರ ಇಟ್ಟುಕೋ.

ಪುಣೆಯವರು ಅರ್ಧ ಫೈಲ್ ತಗೊಳ್ಳದೆಯೂ ಇರಬಹುದು. ಕೆಲವು ಗಿರಾಕಿಗಳು ಪೂರ್ತಿ ಬರದಿದ್ದರೆ ತೆರೆದೂ ನೋಡಲ್ಲ. ಹಾಗಾದರೆ ಮ್ಯಾನೇಜರ್ ಇಂಟರಿಮ್ ಅಪ್ರೂವಲ್ ಕೇಳಬೇಕು. ಇಷ್ಟು ದಿನಕ್ಕೆ ಅಥವಾ ಇಷ್ಟು ಪೀಸಿಗೆ ಅಂತ ಮಿತಿ ಹಾಕಿ ಮಾಲು ತಗೋತಾರೆ, ಉಳಿದ ಕಾಗದ ಅಷ್ಟರೊಳಗೆ ಕೊಡಬೇಕು. ಅದು ಅವರ ಮಟ್ಟದ ಮಾತು, ನೀನು ಬರೆಯೋದು ಬೇಡ.

ಬಾಗಲಕೋಟೆ ಮೇಷ್ಟ್ರು (6:30)

ತಮ್ಮಾ, ನಾನು ಆಗ ಪೂರ್ತಿ ಓದದೆ ಬರೆದೆ. ನಾನು ಇಲ್ಲಿ ನವನಗರದಲ್ಲೇ ಇದ್ದೇನೆ. ರಾತ್ರಿ ಊಟಕ್ಕೆ, ಯಾರಾದರೂ ಮಲಗಲಿಕ್ಕೆ ಜಾಗ ಬೇಕಾದರೆ ಮೆಸೇಜ್ ಮಾಡು. ಸಂಕೋಚ ಬೇಡ.

ಮುಧೋಳ ಹುಡುಗ (ಶನಿವಾರ, ಮಧ್ಯಾಹ್ನ 3:15)

ಮೇಷ್ಟ್ರ ಮನೆಯಿಂದ ಎರಡು ದಿನ ರೊಟ್ಟಿ ಬಂತು. ಏನು ಹೇಳಬೇಕೋ ಗೊತ್ತಾಗ್ತಿಲ್ಲ.

ಅಪ್ಪನನ್ನು ವಾರ್ಡಿಗೆ ಹಾಕಿದ್ದಾರೆ. ಮಾತು ಸುಧಾರಿಸಿದೆ, ಕೈ ಇನ್ನೂ ಹಾಗೇ ಇದೆ.

ಮ್ಯಾನೇಜರ್ ಗುರುವಾರ ರಾತ್ರಿ ಫೋನ್ ಮಾಡಿದ್ದರು. ಮೊದಲು ಅಪ್ಪನ ಬಗ್ಗೆ ಕೇಳಿದರು. ಆಮೇಲೆ "ಆಡಿಟ್ ಇದ್ರೇನಾಯ್ತು, ಬಾಗಿಲು ಬಡೀಬೇಕಿತ್ತು" ಅಂತ ಬೈದರು. ಎರಡನೇ ಮೇಲ್ ಹಾಗೇ ಪುಣೆಗೆ ಫಾರ್ವರ್ಡ್ ಮಾಡಿದ್ದಾರೆ, ಸಿಸಿಯಲ್ಲಿ ನನ್ನ ಹೆಸರಿತ್ತು. ಪುಣೆಯವರು ಗುರುವಾರ ಆಗಲ್ಲ, ಬುಧವಾರ ಅಂದಿದ್ದಾರೆ. ಲ್ಯಾಬ್‌ನವರು 60 ರೀಡಿಂಗ್ ಮುಗಿಸಿದ್ದಾರೆ. ಅಕ್ಕ ಹೇಳಿದ ಪ್ರಶ್ನೆ ಬಂತು, ಲೆಕ್ಕ ಇಲ್ಲಿಂದ ಲ್ಯಾಪ್‌ಟಾಪ್‌ನಲ್ಲಿ ಮಾಡ್ತೇನೆ ಅಂದೆ. ತಂಗಿ ಗಂಡನ ಲ್ಯಾಪ್‌ಟಾಪ್ ಇದೆ.

ಈಗ ಹೊಸ ಸಮಸ್ಯೆ. ಸೋಮ, ಮಂಗಳ ಎರಡೂ ದಿನ ಬರಲು ಆಗಲ್ಲ. ಶನಿವಾರವೂ ಸೋಮವಾರವೂ ರಜೆ ಆದರೆ ನಡುವಿನ ಭಾನುವಾರವೂ ರಜೆ ಲೆಕ್ಕಕ್ಕೆ ಹೋಗುತ್ತೆ ಅಂತ ಎಚ್‌ಆರ್ ಹೇಳ್ತಿದ್ದಾರೆ. ಇದು ಸರಿಯಾ?

ಟಿಳಕವಾಡಿ ಟೆಕ್ಕಿ (3:24)

ಸ್ಯಾಂಡ್‌ವಿಚ್ ರೂಲ್. ಅನ್ಯಾಯ. ವಾರದ ರಜೆಯನ್ನು ಹೇಗೆ ಕತ್ತರಿಸ್ತಾರೆ? ಜಗಳ ಆಡಿ.

ಸಾರವಾಡ ಸ್ಕಾಲರ್ (3:30)

ಈಗ ಜಗಳ ಬೇಡ ಅಣ್ಣಾ. ಒಂದು ದಿನ ಹೋದ್ರೆ ಹೋಗಲಿ.

ಶಹಾಪುರ ಅಕ್ಕ (3:52)

ಕಂಪನಿಯಿಂದ ಕಂಪನಿಗೆ ಬೇರೆ. ನಾನಿದ್ದ ಒಂದು ಕಡೆ ಸಿಎಲ್‌ಗೆ ಹಿಡೀತಿರಲಿಲ್ಲ, ಲಾಸ್ ಆಫ್ ಪೇ ಆದರೆ ಹಿಡೀತಿದ್ದರು. ನಿಮ್ಮಲ್ಲಿ ಬರೆದಿಟ್ಟ ಲೀವ್ ಪಾಲಿಸಿ ಇದ್ದೇ ಇರುತ್ತೆ, ಅದರ ಪ್ರತಿ ಕೇಳು. ಬಾಯಿಮಾತಿನ ಮೇಲೆ ಒಪ್ಪಬೇಡ, ಬಾಯಿಮಾತಿನ ಮೇಲೆ ಜಗಳವೂ ಆಡಬೇಡ. ಟೆಕ್ಕಿ ಹೇಳಿದ್ದು ನ್ಯಾಯವೇ ಇರಬಹುದು, ಆದರೆ ಅದು ಮುಂದಿನ ವಾರದ ಕೆಲಸ.

ಈಗ 5ರೊಳಗೆ ಫೋನ್ ಮಾಡ್ತೀನಿ ಅಂದಿದ್ದೀಯಲ್ಲ, ಮೊದಲು ಅದನ್ನು ಮಾಡು. ಆಮೇಲೆ ಗುರುವಾರದ ರಜೆ ಮೇಲ್‌ಗೇ ರಿಪ್ಲೈ ಹಾಕಿ ಸೋಮ, ಮಂಗಳ ಅಂತ ಬರೀ. ಹೊಸ ಮೇಲ್ ತೆಗೀಬೇಡ, ವಿಷಯದ ಸಾಲಲ್ಲಿ ತಾರೀಖು ಮಾತ್ರ ಬದಲಿಸು. ಬುಧವಾರದ ಲೆಕ್ಕದ ಮಾತು ಅದರಲ್ಲಿ ತರಬೇಡ.

ಮುಧೋಳ ಹುಡುಗ (4:40)

ಫೋನ್ ಆಯ್ತು. "ಮೇಲ್ ಹಾಕು" ಅಂದ್ರು. ಹಾಕ್ತಿದ್ದೇನೆ.